ಕುಲುಮೆಯವರ ಸಾಲಿನಲ್ಲಿ ಗೇಟಿನ ಮಾವನ ರಕ್ತ

"ನನ್ನ ರಕ್ತ ಚೆನ್ನಾಗಿದೆ ಅಂತೀಯಲ್ಲ, ಅದನ್ನ ತಗೊಂಡೋರು ಯಾರು?"

ಅಣ್ಣ ಇದನ್ನು ಜಗಳಕ್ಕೆಂದು ಕೇಳಿರಲಿಲ್ಲ. ಅವನ ಕೈಯಿಂದ ಜಾರಿ ಬಿದ್ದ ಲೋಟದ ನೀರನ್ನು ಅತ್ತಿಗೆ ಒರೆಸುತ್ತಿದ್ದಳು. ಆ ವಾರ ಬಿದ್ದ ಲೋಟಗಳಲ್ಲಿ ಅದು ಎಷ್ಟನೆಯದೋ ಯಾರೂ ಲೆಕ್ಕ ಇಟ್ಟಿರಲಿಲ್ಲ. ತಂಗಿ ಎಂದಿನ ಸಮಾಧಾನವನ್ನೇ ಹೇಳಿದ್ದಳು: "ಸೀಸ ಅಲ್ಲ ಅಣ್ಣ, ರಿಪೋರ್ಟು ನಾನೇ ನೋಡಿದ್ದೀನಿ, ಆರು ಇದೆ, ಹಸಿರಲ್ಲಿದೀಯ." ಅದಕ್ಕೆ ಅವನ ಮಾತು ಇದು.

"ಯಾರು ಅಂದ್ರೆ? ಕ್ಲಿನಿಕ್‌ನವರು. ಪ್ರತಿ ತಿಂಗಳೂ ಬರ್ತಾರಲ್ಲ."

"ಬರ್ತಾರೆ, ಊಟದ ಹಾಲ್‌ನಲ್ಲಿ ಕೂತ್ಕೋತಾರೆ, ಹೋಗ್ತಾರೆ. ಕಾದ ಕುಲುಮೆ ಬಿಟ್ಟು ನಾವು ಅಲ್ಲಿಗೆ ಹೋಗೋದು ಹೇಗೆ? ಇಟ್ಟಿಗೆ ಕಟ್ಟೋಕೆ ಕುಲುಮೆ ಆರಿಸಿದ್ರಲ್ಲ, ಆವಾಗ ಒಂದು ಸಲ ಚುಚ್ಚಿದ್ರು. ಆಮೇಲೆ ನನ್ನ ಹತ್ರ ಸೂಜಿ ಬಂದಿಲ್ಲ."

ಅತ್ತಿಗೆ ಬಟ್ಟೆ ಹಿಂಡುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿದಳು.

"ಹಾಗಾದ್ರೆ ಆ ಆರು ಯಾರದು?" ಎಂದಳು ಅತ್ತಿಗೆ.

ಈ ಪ್ರಶ್ನೆಯನ್ನು ಕೇಳಬೇಕಾಗಿದ್ದ ಜನ ಬಹಳ ಇದ್ದರು. ಅವರಲ್ಲಿ ಓದಿದವರಿದ್ದರು, ಸಹಿ ಹಾಕುವ ಅಧಿಕಾರ ಇದ್ದವರಿದ್ದರು, ಅದಕ್ಕಾಗಿಯೇ ಸಂಬಳ ತೆಗೆದುಕೊಳ್ಳುವವರಿದ್ದರು. ಕೇಳಿದ್ದು ಮಾತ್ರ ಅಡುಗೆಮನೆಯ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದ ಹೆಂಗಸು. ಅವಳು ಕಂಪ್ಯೂಟರ್ ಮುಟ್ಟಿದವಳಲ್ಲ. ಆದರೆ ಗಂಡನ ಕೈಯನ್ನು ದಿನವೂ ನೋಡುತ್ತಿದ್ದವಳು.

*

ತಂಗಿಯನ್ನು ಕಾರ್ಖಾನೆಯಲ್ಲಿ ಎಲ್ಲರೂ ಪಟ್ಟಿಯಕ್ಕ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಹಳೆಯ ಬ್ಯಾಟರಿಗಳನ್ನು ಒಡೆದು, ಒಳಗಿನ ಸೀಸವನ್ನು ಕರಗಿಸಿ ಗಟ್ಟಿ ಮಾಡಿ ಮಾರುವ ಕಾರ್ಖಾನೆ ಅದು. ಅಲ್ಲಿ ಗಾಳಿಯಲ್ಲಿ ಸೀಸ, ಬಟ್ಟೆಯಲ್ಲಿ ಸೀಸ, ಉಗುರಿನ ಸಂದಿಯಲ್ಲಿ ಸೀಸ. ಅದು ರಕ್ತಕ್ಕೆ ಇಳಿಯುತ್ತದೆ. ಹೊಟ್ಟೆ ಹಿಂಡುತ್ತದೆ, ಮಲ ಕಟ್ಟುತ್ತದೆ, ಸಿಟ್ಟು ಮೂಗಿನ ತುದಿಗೆ ಬರುತ್ತದೆ, ಕೊನೆಗೆ ಮಣಿಕಟ್ಟಿನ ನರ ಸೋತು ಹಸ್ತ ಜೋತುಬೀಳುತ್ತದೆ. ಹಾಗಾಗಬಾರದೆಂದು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಯಾರ ಅಂಕಿ ಮಿತಿ ದಾಟಿತೋ ಅವರನ್ನು ಕುಲುಮೆಯಿಂದ ತೆಗೆದು ಬೇರೆ ಕೆಲಸಕ್ಕೆ ಹಾಕಬೇಕು. ನಿಯಮ ಚೆನ್ನಾಗಿದೆ. ನಿಯಮಗಳು ಯಾವತ್ತೂ ಚೆನ್ನಾಗಿಯೇ ಇರುತ್ತವೆ.

ಅಪ್ಪ ಅಮ್ಮ ಇಬ್ಬರೂ ಬೇಗ ಹೋದರು. ಅಣ್ಣ ಶಾಲೆ ಬಿಟ್ಟು ಕುಲುಮೆಗೆ ಸೇರಿದ, ತಂಗಿಯನ್ನು ಶಾಲೆ ಬಿಡಿಸಲಿಲ್ಲ. ಅವಳು ಕಂಪ್ಯೂಟರ್ ತರಗತಿಗೆ ಹೋಗುವಾಗ ಬಸ್ ನಿಲ್ದಾಣದವರೆಗೂ ಬಂದು ಬಿಡುತ್ತಿದ್ದ. "ನಾನು ಬೆಂಕಿ ಮುಂದೆ ನಿಂತಿರೋದು ನೀನು ಫ್ಯಾನಿನ ಕೆಳಗೆ ಕೂರಲಿ ಅಂತ" ಎನ್ನುತ್ತಿದ್ದ. ಕಾರ್ಖಾನೆಯ ಆಫೀಸಿನಲ್ಲಿ ಅವಳಿಗೆ ಕೆಲಸ ಕೇಳಿದವನೂ ಅವನೇ. ಆ ದಿನ ಮ್ಯಾನೇಜರ್ ಮುಂದೆ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದ ಅಣ್ಣನ ಹಸ್ತ ನೆಟ್ಟಗಿತ್ತು. ಇದನ್ನು ಪಟ್ಟಿಯಕ್ಕ ನನಗೆ ಮತ್ತೆ ಮತ್ತೆ ಹೇಳಿದ್ದಾಳೆ.

ಅವಳ ಕೆಲಸ ಸುರಕ್ಷತಾ ವಿಭಾಗದಲ್ಲಿ. ಕ್ಲಿನಿಕ್‌ನಿಂದ ಬರುವ ರಕ್ತದ ವರದಿ ಇವತ್ತಿಗೂ ಕಾಗದದಲ್ಲೇ ಬರುತ್ತದೆ, ಮೇಲೆ ಮೊಹರು, ಕೆಳಗೆ ಸಹಿ. ಮೊದಲು ಅವಳು ಆ ಕಾಗದದ ಮೇಲೆ ಮರದ ಸ್ಕೇಲನ್ನು ಅಡ್ಡ ಇಟ್ಟು, ಒಂದೊಂದೇ ಸಾಲು ಕೆಳಗೆ ಜಾರಿಸುತ್ತಾ ಅಂಕಿಗಳನ್ನು ಟೈಪ್ ಮಾಡುತ್ತಿದ್ದಳು. ಬೇಜಾರಿನ ಕೆಲಸ. ಆದರೆ ಸ್ಕೇಲಿನ ಕೆಳಗೆ ಅಂಕಿಯಿಲ್ಲದ ಹೆಸರು ಬಂದರೆ ಬೆರಳು ತಾನಾಗಿ ನಿಲ್ಲುತ್ತಿತ್ತು. ಫೋನೆತ್ತಿ ಕೇಳುತ್ತಿದ್ದಳು: "ಇವರದ್ಯಾಕೆ ಇಲ್ಲ?" ಮರುದಿನವೋ ಮೂರನೆಯ ದಿನವೋ ಆ ಮನುಷ್ಯನನ್ನು ಕ್ಲಿನಿಕ್‌ಗೇ ಕಳಿಸುತ್ತಿದ್ದರು.

ಆಮೇಲೆ ಸುರಕ್ಷತಾ ಅಧಿಕಾರಿ, ಅಂದರೆ ಎಲ್ಲರ ಬಾಯಲ್ಲೂ ಸೇಫ್ಟಿ ಸಾಹೇಬ, ಒಂದು ತರಬೇತಿಗೆ ಹೋಗಿ ಬಂದರು. "ಈ ಟೈಪಿಂಗ್ ಎಲ್ಲಾ ಬಿಡಮ್ಮ. ಸ್ಕ್ಯಾನ್ ಮಾಡು, ಟೇಬಲ್ ಅದೇ ಎತ್ಕೊಳತ್ತೆ, ಒಂದು ಸಲ ಕ್ಲೀನ್ ಮಾಡೋ ಹೆಜ್ಜೆ ಬರೆದಿಟ್ರೆ ಮುಂದಿನ ತಿಂಗಳಿಂದ ಗುಂಡಿ ಒತ್ತಿದ್ರೆ ಸಾಕು" ಎಂದರು. ಮಾತು ಸುಳ್ಳಲ್ಲ. ಸ್ಪ್ರೆಡ್‌ಶೀಟಿನಲ್ಲಿ ಕ್ವೆರಿ ಎಂಬ ಸೌಕರ್ಯವಿದೆ. ಸ್ಕ್ಯಾನಿನಿಂದ ಎತ್ತಿದ ಕೋಷ್ಟಕಕ್ಕೆ ನೀವು ಏನೇನು ಮಾಡುತ್ತೀರೋ ಅದನ್ನೆಲ್ಲ ಅದು ಒಂದರ ಕೆಳಗೊಂದು ಹೆಜ್ಜೆಯಾಗಿ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ತಿಂಗಳ ಸ್ಕ್ಯಾನನ್ನು ಅದೇ ಜಾಗದಲ್ಲಿ ಅದೇ ಹೆಸರಿನಲ್ಲಿಟ್ಟು ರಿಫ್ರೆಶ್ ಎಂದರೆ, ಅದೇ ಹೆಜ್ಜೆಗಳು ಅದೇ ಕ್ರಮದಲ್ಲಿ ಹೊಸ ಕೋಷ್ಟಕದ ಮೇಲೆ ನಡೆದುಹೋಗುತ್ತವೆ.

ಪಟ್ಟಿಯಕ್ಕ ಕಲಿತಳು, ಪ್ರೀತಿಯಿಂದಲೇ ಕಲಿತಳು. ಮೊದಲ ಸ್ಕ್ಯಾನ್ ತೆರೆದಾಗ ಅದು ಕೋಳಿ ಕೆದಕಿದ ಅಂಗಳದಂತಿತ್ತು. ಮೇಲಿನ ಸಾಲುಗಳಲ್ಲಿ ಕ್ಲಿನಿಕ್‌ನ ವಿಳಾಸ, ಅದನ್ನು ತೆಗೆದಳು. ಶೀರ್ಷಿಕೆಯ ಸಾಲನ್ನು ಶೀರ್ಷಿಕೆಯಾಗಿಸಿದಳು. ಪ್ರತಿ ಪುಟದಲ್ಲೂ ಅದೇ ಶೀರ್ಷಿಕೆ ಮತ್ತೆ ಬಂದಿತ್ತು, ಸೋಸಿದಳು. ಸ್ಕ್ಯಾನ್ ಸೊನ್ನೆಯನ್ನು ಇಂಗ್ಲಿಷಿನ ಓ ಎಂದು ಓದಿತ್ತು, ಬದಲಿಸಿದಳು. ಇನ್ನೊಂದು ತೊಡಕು ಉಳಿದಿತ್ತು. ಕ್ಲಿನಿಕ್‌ನವರು ವಿಭಾಗದ ಹೆಸರನ್ನೂ ರಕ್ತ ತೆಗೆದ ತಾರೀಕನ್ನೂ ಪ್ರತಿ ಗುಂಪಿನ ಮೊದಲ ಸಾಲಿನಲ್ಲಿ ಮಾತ್ರ ಬರೆಯುತ್ತಾರೆ, ಕೆಳಗಿನವರಿಗೆ ಖಾಲಿ ಬಿಡುತ್ತಾರೆ. ಓದುವ ಮನುಷ್ಯನಿಗೆ ಅರ್ಥವಾಗುತ್ತದೆ, ಯಂತ್ರಕ್ಕೆ ಆಗುವುದಿಲ್ಲ. ಅದಕ್ಕೆ ಮದ್ದು ಫಿಲ್ ಡೌನ್: ಖಾಲಿ ಕೋಣೆಗೆ ಅದರ ಮೇಲಿನ ಕೋಣೆಯಲ್ಲಿರುವುದನ್ನೇ ಇಳಿಸಿ ತುಂಬುವುದು. ಬೇಕಾಗಿದ್ದುದು ಎರಡೇ ಕಾಲಂಗೆ, ವಿಭಾಗಕ್ಕೆ ಮತ್ತು ತಾರೀಕಿಗೆ. ಆ ಎರಡು ಕಾಲಂಗಳು ಕೋಷ್ಟಕದ ಎರಡು ತುದಿಯಲ್ಲಿದ್ದವು. ಪಟ್ಟಿಯಕ್ಕ ಮೊದಲನೆಯದನ್ನು ಒತ್ತಿ, ಶಿಫ್ಟ್ ಹಿಡಿದು, ಕೊನೆಯದನ್ನು ಒತ್ತಿದಳು. ನಡುವಿನವೂ ಸೇರಿದವು. ಫಿಲ್ ಡೌನ್ ಎಂದಳು.

ಪರದೆಯ ಮೇಲೆ ಏನೂ ಕೆಡಲಿಲ್ಲ. ಆ ತಿಂಗಳು ಕುಲುಮೆ ಆರಿತ್ತು. ಒಳಗಿನ ಇಟ್ಟಿಗೆ ಕಟ್ಟಿಸುತ್ತಿದ್ದರು, ಹೊಗೆ ಎಳೆಯುವ ಹೊಸ ಫ್ಯಾನ್ ಕೂರಿಸುತ್ತಿದ್ದರು. ಕುಲುಮೆಯವರೆಲ್ಲ ಊಟದ ಹಾಲ್‌ಗೆ ಬಂದು ರಕ್ತ ಕೊಟ್ಟಿದ್ದರು. ಅಂಕಿಯ ಕಾಲಂನಲ್ಲಿ ಒಂದೂ ಖಾಲಿ ಇರಲಿಲ್ಲ. ಖಾಲಿಯೇ ಇಲ್ಲದ ಕಡೆ ತುಂಬುವ ಹೆಜ್ಜೆ ಏನನ್ನೂ ಮುಟ್ಟುವುದಿಲ್ಲ. ಅವಳು ಪ್ರತಿ ಸಾಲನ್ನೂ ಕಾಗದದ ಜೊತೆ ಹೋಲಿಸಿದಳು, ಎಲ್ಲ ಸರಿ ಇತ್ತು. ಅಣ್ಣನದು ಮೂವತ್ತೆಂಟು. ಮಿತಿಯ ಒಳಗೆ, ಆದರೆ ಎಚ್ಚರಿಕೆಯ ಹಳದಿ.

ಮುಂದಿನ ತಿಂಗಳು ಗುಂಡಿ ಒತ್ತಿದಳು. ಅಣ್ಣನದು ಆರು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಮೂವತ್ತೆಂಟು ಒಂದೇ ತಿಂಗಳಲ್ಲಿ ಆರಾಯಿತು. ಅವನೊಬ್ಬನದಲ್ಲ, ಬೆಳಗಿನ ಪಾಳಿಯ ಕುಲುಮೆಯವರೆಲ್ಲರದೂ ಆರು. ಸೀಸ ರಕ್ತದಿಂದ ಅಷ್ಟು ಬೇಗ ಇಳಿಯುವುದಿಲ್ಲ, ಇದನ್ನು ತಿಳಿಯಲು ದೊಡ್ಡ ಓದು ಬೇಕಿಲ್ಲ, ಕ್ಲಿನಿಕ್‌ನ ಗೋಡೆಯ ಮೇಲೇ ಬರೆದಿದೆ. ಆದರೆ ಸೇಫ್ಟಿ ಸಾಹೇಬರು ಸಾಲು ನೋಡಲಿಲ್ಲ, ಕ್ವೆರಿಯ ಹಿಂದೆಯೇ ಬೆಳೆದು ನಿಂತ, ಅಂಕಿಗಳನ್ನು ಕಂಬಗಳಾಗಿ ತೋರಿಸುವ ಬಣ್ಣದ ಚಿತ್ರ ನೋಡಿದರು. ಕುಲುಮೆಯ ಕಂಬ ಧೊಪ್ಪನೆ ಕುಸಿದಿತ್ತು, ಹಸಿರಾಗಿತ್ತು. "ನೋಡಿ, ಹೊಸ ಫ್ಯಾನು" ಎಂದರು. ಮ್ಯಾನೇಜರು "ಹೊಸ ಫ್ಯಾನು" ಎಂದರು. ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಗೇಟಿನ ಬಳಿಯ ಫಲಕಕ್ಕೆ ಅಂಟಿಸಿದರು. ಪಟ್ಟಿಯಕ್ಕನಿಗೆ ಎಲ್ಲರೆದುರು ಚಪ್ಪಾಳೆ ತಟ್ಟಿದರು. ಮರದ ಸ್ಕೇಲು ಮೇಜಿನ ಡ್ರಾಯರಿಗೆ ಹೋಯಿತು.

*

ಅಣ್ಣನ ಹೊಟ್ಟೆನೋವು ಶುರುವಾದದ್ದು ಅದಾದ ಮೇಲೆ. ಮನೆಯಲ್ಲಿ ಗ್ಯಾಸ್ ಎಂದರು. ಯಾವತ್ತೂ ಹೆಂಡತಿಗೆ ದನಿ ಏರಿಸದವನು ಚಪ್ಪಲಿ ಎಡಗಡೆ ಇಟ್ಟಿದ್ದಕ್ಕೆ ಕೂಗಾಡಿದ. ವಯಸ್ಸು ಎಂದರು. ಅಂಗಿಯ ಗುಂಡಿ ಹಾಕಲು ಕಷ್ಟಪಟ್ಟ. ದಣಿವು ಎಂದರು.

ಅತ್ತಿಗೆ ಅವನನ್ನು ಕಾರ್ಖಾನೆಯ ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಡಾಕ್ಟರು ಕಂಪ್ಯೂಟರ್ ನೋಡಿ, "ಸೀಸದ ತೊಂದರೆ ಇಲ್ಲಮ್ಮ, ರಕ್ತದಲ್ಲಿ ಬರೀ ಆರಿದೆ, ಕತ್ತಿನ ನರ ಹಿಡಿದಿರಬೇಕು" ಎಂದು ಮುಲಾಮು ಬರೆದುಕೊಟ್ಟರು. ಆ ಮನುಷ್ಯನ ಒಸಡಿನ ಅಂಚಿನಲ್ಲಿ, ಮೈಗೆ ಸೀಸ ಏರಿದವರಿಗೆ ಬರುವ ನೀಲಿ ಗೆರೆ ಇತ್ತು. ಬಾಯಿ ತೆರೆಸಿದ್ದರೆ ಕಾಣುತ್ತಿತ್ತು. ಅಂಕಿ ಕೈಯಲ್ಲಿದ್ದಾಗ ಬಾಯಿ ತೆರೆಸುವವರು ಯಾರು?

ಅತ್ತಿಗೆಗೆ ಸಮಾಧಾನವಾಗಲಿಲ್ಲ. "ನಿನ್ನ ಪಟ್ಟಿ ಸರಿಯಾಗಿದೆ ತಾನೇ?" ಎಂದು ನಾದಿನಿಯನ್ನು ಒಮ್ಮೆ ಕೇಳಿಯೂ ಇದ್ದಳು.

"ಅತ್ತಿಗೆ, ಅದನ್ನ ನಾನು ಟೈಪ್ ಕೂಡ ಮಾಡಲ್ಲ. ಯಂತ್ರ ಮಾಡತ್ತೆ. ಅದಕ್ಕೆ ಅಣ್ಣ ತಮ್ಮ ಅಂತ ಇಲ್ಲ."

ಅದಕ್ಕೆ ನಿಜವಾಗಿಯೂ ಅಣ್ಣ ತಮ್ಮ ಇರಲಿಲ್ಲ.

*

ಲೋಟ ಬಿದ್ದ ಮರುದಿನ ಪಟ್ಟಿಯಕ್ಕ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋದಳು. ಅಣ್ಣ ಅಷ್ಟರಲ್ಲೇ ಪಾಳಿಗೆ ಹೋಗಿ ಕುಲುಮೆಯ ಮುಂದೆ ನಿಂತಿದ್ದ. ಹೋಗಬೇಡ ಎಂದು ಅತ್ತಿಗೆ ಅಂದಿದ್ದಳು. "ನಿಮ್ಮ ಪಟ್ಟಿ ಪ್ರಕಾರ ನನಗೇನೂ ಆಗಿಲ್ವಲ್ಲ, ರಜ ಯಾರು ಕೊಡ್ತಾರೆ?" ಎಂದು ಹೊರಟಿದ್ದ.

ಅವಳು ಕ್ವೆರಿ ತೆರೆದಳು. ಬಲಗಡೆ ಹೆಜ್ಜೆಗಳ ಪಟ್ಟಿ ಇರುತ್ತದೆ. ಯಾವ ಹೆಜ್ಜೆಯ ಮೇಲೆ ಒತ್ತಿದರೂ ಆ ಹೆಜ್ಜೆ ಮುಗಿದಾಗ ಕೋಷ್ಟಕ ಹೇಗಿತ್ತೋ ಹಾಗೆ ತೋರಿಸುತ್ತದೆ. ಆವತ್ತಿನವರೆಗೆ ಅವಳು ನೋಡುತ್ತಿದ್ದುದು ಕೊನೆಯದನ್ನು ಮಾತ್ರ. ಈಗ ಮೇಲಿನ ತುದಿಯಿಂದ ಒಂದೊಂದೇ ಇಳಿದಳು.

ಮೊದಲ ಹೆಜ್ಜೆ, ಸ್ಕ್ಯಾನಿನಿಂದ ಎತ್ತಿದ ಹಸಿ ಕೋಷ್ಟಕ. ಅಣ್ಣನ ಹೆಸರು ಇತ್ತು, ಅಂಕಿಯ ಕೋಣೆ ಖಾಲಿ. ಮೇಲಿನ ಸಾಲು ತೆಗೆದ ಹೆಜ್ಜೆ: ಖಾಲಿ. ಶೀರ್ಷಿಕೆ: ಖಾಲಿ. ಸೊನ್ನೆ ಬದಲಿಸಿದ್ದು: ಖಾಲಿ. ಖಾಲಿ ಅಕ್ಷರವನ್ನು ‘ನಲ್’, ಅಂದರೆ ಏನೂ ಇಲ್ಲ ಎಂದು ಗುರುತಿಸಿದ ಹೆಜ್ಜೆ: ಆ ಕೋಣೆಯಲ್ಲಿ ಓರೆ ಅಕ್ಷರದಲ್ಲಿ ನಲ್ ಎಂದು ಬಂತು. ಯಂತ್ರಕ್ಕೂ ಗೊತ್ತಿತ್ತು, ಅಲ್ಲಿ ಏನೂ ಇಲ್ಲ ಎಂದು. ಮುಂದಿನ ಹೆಜ್ಜೆ ಫಿಲ್ ಡೌನ್. ಒತ್ತಿದಳು.

ಆರು.

ಹಿಂದಿನ ಹೆಜ್ಜೆ ಒತ್ತಿದಳು: ನಲ್. ಮತ್ತೆ ಮುಂದಿನದು: ಆರು. ಹೀಗೆ ಎಷ್ಟು ಸಲ ಒತ್ತಿದಳೋ. ಕಣ್ಣೆದುರೇ ಅಣ್ಣನ ಮೈಯಿಂದ ಏನೂ ಇಲ್ಲ ಎಂಬುದು ಹೋಗಿ ಯಾರದೋ ರಕ್ತ ಬರುತ್ತಿತ್ತು, ಹೋಗುತ್ತಿತ್ತು, ಬರುತ್ತಿತ್ತು. ಕಣ್ಣು ಒಂದು ಸಾಲು ಮೇಲೆ ಹೋಯಿತು. ಕುಲುಮೆ ಗುಂಪಿಗಿಂತ ಮೊದಲಿನ ಗುಂಪು ಕಾವಲು ವಿಭಾಗ. ಅದರ ಕೊನೆಯ ಹೆಸರು ಗೇಟು ಕಾಯುವವನದು, ಎಲ್ಲರ ಬಾಯಲ್ಲೂ ಗೇಟಿನ ಮಾವ. ಅವನ ಅಂಕಿ ಆರು. ಅದು ನಿಜವಾದ ಆರು. ಅಲ್ಲಿಂದ ಅದು ಅಣ್ಣನಿಗೆ ಇಳಿದು, ಅಣ್ಣನಿಂದ ಕೆಳಗಿನವನಿಗೆ ಇಳಿದು, ಅಂಕಿ ಇರುವ ಇನ್ನೊಂದು ಸಾಲು ಸಿಗುವವರೆಗೆ ಕುಲುಮೆಯ ಪಾಳಿಯನ್ನೆಲ್ಲ ತುಂಬಿಕೊಂಡು ಹೋಗಿತ್ತು. ತಾರೀಕೂ ತುಂಬಿತ್ತು. ಆಗದ ಪರೀಕ್ಷೆಗೆ ಆದ ದಿನ ಕೂಡ ಇತ್ತು.

ಹೊರಗೆ ಗೇಟಿನ ಬಳಿ ಗೇಟಿನ ಮಾವ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅವಳು ಅವನ ಮುಂದೆ ಹೋಗಿ ನಿಂತಳು. ಏಕೆ ಹೋದಳೆಂದು ಅವಳಿಗೇ ತಿಳಿಯದು.

"ಏನಮ್ಮ, ಮುಖ ಹೀಗೆ ಬಿಳಿಚಿಕೊಂಡಿದೆ?"

"ಮಾವ, ಇಷ್ಟು ತಿಂಗಳು ಅಣ್ಣನ ಹೆಸರಲ್ಲಿ ನಿಮ್ಮ ರಕ್ತದ ಲೆಕ್ಕ ಹೋಗ್ತಿತ್ತು. ಕುಲುಮೆಯೋರೆಲ್ಲರ ಹೆಸರಲ್ಲೂ."

ಅವನು ಚಹಾದ ಲೋಟ ಕೆಳಗಿಟ್ಟ. ವಿಷಯ ಅರ್ಥವಾಗಲು ಅವನಿಗೆ ಹೊತ್ತು ಹಿಡಿಯಲಿಲ್ಲ. "ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕ್ತಾರೆ ಅಂತ ಕೇಳಿದ್ದೆ" ಎಂದ. "ಎತ್ತಿನ ಮೈ ಮುಟ್ಟಿ ನೋಡಿ ಎಮ್ಮೆಗೆ ಜ್ವರ ಇಲ್ಲ ಅನ್ನೋದು ಇದೇ ಮೊದಲು." ತಾನೇ ಆಡಿದ ಮಾತಿಗೆ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಅವನ ಹಿಂದೆ, ಫಲಕದ ಮೇಲೆ, ಹಸಿರು ಚಿತ್ರ ಇತ್ತು.

*

ಸೇಫ್ಟಿ ಸಾಹೇಬರು ಬಂದಾಗ ಅವಳು ಕೂತು ಹೇಳಲಿಲ್ಲ, ನಿಂತೇ ಹೇಳಿದಳು. ಪರದೆಯ ಮೇಲೆ ಎರಡು ಹೆಜ್ಜೆಗಳನ್ನು ಒತ್ತಿ ತೋರಿಸಿದಳು. ಸಾಹೇಬರು ಕುರ್ಚಿಯ ತೋಳು ಹಿಡಿದುಕೊಂಡರು. ಅವರಿಗೂ ಆಘಾತವಾಯಿತು, ಅದು ನಾಟಕವಾಗಿರಲಿಲ್ಲ. ಆದರೆ ಆಘಾತ ಒಬ್ಬೊಬ್ಬರನ್ನು ಒಂದೊಂದು ಕಡೆ ಓಡಿಸುತ್ತದೆ. ಅವರನ್ನು ಬಾಗಿಲು ಮುಚ್ಚುವ ಕಡೆ ಓಡಿಸಿತು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

"ಇದನ್ನ ಯಾರಿಗಾದ್ರೂ ಹೇಳಿದೀಯ?"

"ಗೇಟಿನ ಮಾವನಿಗೆ."

"ಅವನಿಗೆ ಹೇಳೋದೂ ಒಂದೇ, ಮೈಕಿನಲ್ಲಿ ಹೇಳೋದೂ ಒಂದೇ." ಹಣೆ ಒತ್ತಿಕೊಂಡರು. "ನೋಡು, ತಪ್ಪು ನಿನ್ನದು ಅಂತ ನಾನು ಹೇಳ್ತಿಲ್ಲ."

"ನನ್ನದೇ ಸರ್. ಎರಡು ಕಾಲಂ ಹಿಡೀಬೇಕಿತ್ತು, ಎಲ್ಲಾ ಹಿಡಿದೆ."

"ಅದೇ ಅಂತೀನಿ. ನಿನ್ನ ಕೆಲಸಕ್ಕೆ ತೊಂದರೆ ಆಗೋದು ನನಗೆ ಬೇಡ. ಮುಂದಿನ ತಿಂಗಳಿಂದ ಸರಿ ಮಾಡು. ಕುಲುಮೆಯೋರದ್ದು ಮುಂದಿನ ಸಲ ಹೇಗಾದ್ರೂ ಮಾಡಿ ತೆಗೆಸೋಣ. ಹಳೇದು ಮುಟ್ಟಬೇಡ."

"ಮುಂದಿನ ಸಲ ಅಂದ್ರೆ ಇನ್ನೂ ಮೂರು ವಾರ ಇದೆ ಸರ್. ಅಲ್ಲಿವರೆಗೆ ಅಣ್ಣ ಅಲ್ಲೇ ನಿಲ್ಬೇಕಾ? ಅವನ ಕೈ ಏಳ್ತಿಲ್ಲ."

"ಡಾಕ್ಟರು ಕತ್ತಿನ ನರ ಅಂದಿದ್ದಾರಲ್ಲಮ್ಮ."

"ಡಾಕ್ಟರು ನೋಡಿದ್ದು ಗೇಟಿನ ಮಾವನ ರಕ್ತ ಸರ್."

ಅದಕ್ಕೆ ಸಾಹೇಬರು ಹೇಳಿದ್ದು ಇಷ್ಟು: "ಕ್ಲಿನಿಕ್‌ನವರು ಖಾಲಿ ಬಿಟ್ಟಿದ್ದನ್ನ ನಮಗೆ ಬಾಯಲ್ಲಿ ಹೇಳಬೇಕಿತ್ತು. ಅವರದೂ ತಪ್ಪಿದೆ." ಕ್ಲಿನಿಕ್‌ನವರನ್ನು ಕೇಳಿದರೆ ಏನೆನ್ನುತ್ತಾರೆಂದು ನಾನು ಕೇಳಿ ತಿಳಿದಿದ್ದೇನೆ: ‘ನಾವು ಖಾಲಿ ಬಿಟ್ಟಿದ್ದೆವು, ಕಾರ್ಖಾನೆಯವರು ನೋಡಬೇಕಿತ್ತು.’ ಡಾಕ್ಟರು: ‘ನನಗೆ ಕಳಿಸಿದ ಅಂಕಿ ನಾನು ನೋಡಿದೆ.’ ಪಾಳಿಯ ಮೇಸ್ತ್ರಿ: ‘ಕುಲುಮೆ ಬಿಟ್ಟು ಕಳಿಸಲು ಬದಲಿ ಆಳು ಕೊಟ್ಟಿದ್ದರಾ?’ ಒಬ್ಬೊಬ್ಬರೂ ತಮ್ಮ ಕೋಣೆಯನ್ನು ಮೇಲಿನವನಿಂದ ತುಂಬಿಸಿಕೊಂಡವರೇ. ಎಲ್ಲದಕ್ಕೂ ಬೇಕಾಗಿದ್ದುದು ತಿಂಗಳಿಗೊಂದು ಬೆಳಗ್ಗೆ ಕುಲುಮೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬಲ್ಲ ಒಬ್ಬ ಬದಲಿ ಆಳು. ಹೊಸ ಫ್ಯಾನಿನ ಚಿತ್ರ ಮುದ್ರಿಸಿದ ಕಾರ್ಖಾನೆಗೆ ಆ ಒಬ್ಬ ಆಳು ಸಿಗಲಿಲ್ಲ.

ಪಟ್ಟಿಯಕ್ಕನನ್ನು ನಾನು ಬಿಟ್ಟುಕೊಡುವುದೂ ಇಲ್ಲ, ಬಿಡಿಸುವುದೂ ಇಲ್ಲ. ಕೈ ತಪ್ಪಿದ್ದು ಅವಳದೇ. ಡ್ರಾಯರಿಗೆ ಸೇರಿದ ಸ್ಕೇಲು ಅವಳದೇ. ಅವಳೂ ಬೇರೆ ಮಾತಾಡುವುದಿಲ್ಲ. ಆದರೆ ಆ ಮುಚ್ಚಿದ ಬಾಗಿಲಿನ ಒಳಗೆ ಅವಳು ಹೇಳಿದ ಒಂದು ಮಾತನ್ನು ಬರೆಯಲೇಬೇಕು.

"ಸರ್, ಹಳೇದನ್ನ ಮುಟ್ಟಬೇಡ ಅಂದ್ರಿ. ಮುಟ್ಟೋದು ಬೇಕಾಗೇ ಇಲ್ಲ. ಹೆಜ್ಜೆ ಒಂದು ಸರಿ ಮಾಡಿದ್ರೆ, ಹಳೇ ಸ್ಕ್ಯಾನ್ ಇಟ್ಟು ಗುಂಡಿ ಒತ್ತಿದ್ರೆ ಸಾಕು. ನೀವೇ ಕಲಿಸಿದ್ದು."

*

ತನ್ನ ಮೇಜಿಗೆ ಬಂದು ಫಿಲ್ ಡೌನ್ ಹೆಜ್ಜೆ ಒತ್ತಿದಳು. ಮೇಲಿನ ಸೂತ್ರದ ಪಟ್ಟಿಯಲ್ಲಿ ತುಂಬಬೇಕಾದ ಕಾಲಂಗಳ ಹೆಸರೆಲ್ಲ ಸಾಲಾಗಿದ್ದವು. ವಿಭಾಗ ಮತ್ತು ತಾರೀಕನ್ನು ಉಳಿಸಿ ಮಿಕ್ಕ ಹೆಸರುಗಳನ್ನು ಅಳಿಸಿದಳು. ಅಂಕಿ ನಲ್ ಆಗಿರುವ ಸಾಲಿನಲ್ಲಿ ತಾರೀಕೂ ನಿಲ್ಲದಂತೆ ಮಾಡಿ, ಪಕ್ಕದಲ್ಲಿ ‘ಪರೀಕ್ಷೆ ಆಗಿಲ್ಲ’ ಎಂದು ಬರುವಂತೆ ಕೊನೆಯಲ್ಲಿ ಹೊಸ ಹೆಜ್ಜೆ ಸೇರಿಸಿದಳು. ಆಮೇಲೆ ಹಳೆಯ ಸ್ಕ್ಯಾನುಗಳನ್ನು ಒಂದಾದ ಮೇಲೊಂದು ಅದೇ ಜಾಗದಲ್ಲಿ, ಅದೇ ಹೆಸರಿನಲ್ಲಿ ಇಟ್ಟು ರಿಫ್ರೆಶ್ ಮಾಡುತ್ತಾ ಬಂದಳು.

ಇಟ್ಟಿಗೆ ಕಟ್ಟಿದ ತಿಂಗಳು: ಎಲ್ಲರ ಅಂಕಿಯೂ ಇತ್ತು. ಅದರ ಮುಂದಿನದು: ಕುಲುಮೆ, ಪರೀಕ್ಷೆ ಆಗಿಲ್ಲ. ಕೆಳಗೆ, ಆಗಿಲ್ಲ. ಅದರ ಕೆಳಗೆ, ಆಗಿಲ್ಲ. ಅದರ ಮುಂದಿನ ತಿಂಗಳು ಕೂಡ. ಅದರ ಮುಂದಿನದೂ. ಪುಟಗಳು ಮುದ್ರಣ ಯಂತ್ರದಿಂದ ಬೆಚ್ಚಗೆ ಹೊರಬರುತ್ತಿದ್ದವು. ಕುಲುಮೆಯವರು ಕೆಲಸಕ್ಕೆ ಬಂದಿದ್ದರು, ಬೆವರಿದ್ದರು, ಹಾಜರಿ ಹಾಕಿದ್ದರು. ಅವರ ರಕ್ತ ಮಾತ್ರ ಎಲ್ಲೂ ಹಾಜರಿರಲಿಲ್ಲ.

ಅವಳು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಗೇಟಿನ ಬಳಿಗೆ ಹೋಗಿ ಹಸಿರು ಚಿತ್ರವನ್ನು ಕಿತ್ತಳು. ಅಂಟು ಗಟ್ಟಿಯಾಗಿತ್ತು, ಒಂದು ಮೂಲೆ ಫಲಕದಲ್ಲೇ ಉಳಿಯಿತು. ಗೇಟಿನ ಮಾವ ಏನೂ ಕೇಳದೆ ತನ್ನ ಸ್ಟೂಲು ತಂದು ಅವಳ ಕಾಲ ಬಳಿ ಇಟ್ಟ. ಅದರ ಮೇಲೆ ಹತ್ತಿ ಪುಟಗಳನ್ನು ಅಂಟಿಸಿದಳು.

"ನನ್ನ ಹೆಸರಿನ ಮುಂದೆ ಅಂಕಿ ಇದೆಯಾ?"

"ಇದೆ ಮಾವ. ಆರು."

"ಅಷ್ಟು ಸಾಕು. ಇನ್ಮೇಲಾದ್ರೂ ನನ್ನ ರಕ್ತ ನನಗೇ ಇರಲಿ."

ಚಹಾದ ಬಿಡುವಿಗೆ ಸೀಸದ ಗಟ್ಟಿ ಸಾಗಿಸುವ ಗಾಡಿಯವನು ಗೇಟಿಗೆ ಬಂದ. ಅವನು ನೋಡಿದ, ಹಿಂದಕ್ಕೆ ಓಡಿದ. ಆಮೇಲೆ ಕುಲುಮೆಯವರು ಒಬ್ಬರ ಹಿಂದೊಬ್ಬರು ಬಂದು, ಕೈಗವಸು ಕಂಕುಳಲ್ಲಿ ಇರುಕಿಕೊಂಡು, ತಮ್ಮ ತಮ್ಮ ಹೆಸರು ಹುಡುಕಿ ಬೆರಳಿಟ್ಟು ಓದಿದರು. ಯಾರೂ ಕೂಗಲಿಲ್ಲ. ಅಣ್ಣ ಕೊನೆಗೆ ಬಂದ. ಓದಿದ. ಸ್ಟೂಲಿನ ಪಕ್ಕ ನಿಂತಿದ್ದ ತಂಗಿಯನ್ನು ನೋಡಿದ.

"ಮಾವನ ರಕ್ತವೇ ನಿಜವಾಗಿ ಬಂದಿದ್ರೆ ಚೆನ್ನಾಗಿತ್ತು" ಎಂದ. "ನಾನೂ ಸ್ಟೂಲ್ ಮೇಲೆ ಕೂತು ತೂಕಡಿಸ್ತಿದ್ದೆ."

"ಅಣ್ಣ, ತಪ್ಪು ನನ್ನದು. ನಾನೇ..."

"ಆಮೇಲೆ ಹೇಳು. ಈಗ ಒಳಗೆ ಕಬ್ಬಿಣದ ಬಾನಿ ತುಂಬಾ ಕರಗಿದ ಸೀಸ ಇದೆ, ಅದನ್ನ ಅಚ್ಚಿಗೆ ಸುರಿದು ಬರ್ತೀವಿ." ಗುಂಪಿನತ್ತ ತಿರುಗಿದ. "ಸುರಿದಾದ ಮೇಲೆ ಹೊಸ ಮಾಲು ಹಾಕೋದು ಬೇಡ."

ಹಾಕಲಿಲ್ಲ. ಕರಗಿದ್ದನ್ನು ಅಚ್ಚಿಗೆ ಸುರಿದು, ಬೆಂಕಿ ಇಳಿಸಿ, ಊಟದ ಹಾಲ್‌ಗೆ ಹೋಗಿ ಬೆಂಚಿನ ಮೇಲೆ ಸಾಲಾಗಿ ಕೂತರು. ಮ್ಯಾನೇಜರು ಬಂದರು, ಕುಲುಮೆ ತಣ್ಣಗಾದರೆ ಏನಾಗುತ್ತದೆಂದು ಹೇಳಿದರು. ಕುಲುಮೆ ತಣ್ಣಗಾದರೆ ಏನಾಗುತ್ತದೆಂದು ಆ ಬೆಂಚಿನವರಿಗಿಂತ ಚೆನ್ನಾಗಿ ಅವರಿಗೆ ತಿಳಿದಿರಲಿಲ್ಲ. "ಸೂಜಿ ಬರಲಿ" ಎಂದ ಅಣ್ಣ. ಅವನ ಪಕ್ಕದವನೂ ಅದನ್ನೇ ಅಂದ. ಸೇಫ್ಟಿ ಸಾಹೇಬರು ಬಾಗಿಲಲ್ಲಿ ನಿಂತು, ಈ ಸಲ ಬಾಗಿಲು ಮುಚ್ಚದೆ, ಕ್ಲಿನಿಕ್‌ಗೆ ಫೋನ್ ಮಾಡಿದರು.

ಮಧ್ಯಾಹ್ನ ನರ್ಸು ಬಂದಳು. ಮೊದಲ ಹೆಸರು ಅಣ್ಣನದು. ಸುದ್ದಿ ತಿಳಿದು ಬಂದಿದ್ದ ಅತ್ತಿಗೆ ಗೋಡೆಗೆ ಒರಗಿ ನಿಂತಿದ್ದಳು. ನಾದಿನಿಯ ಕಡೆ ನೋಡಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ಪಟ್ಟಿಯಕ್ಕ ಕೈಯಲ್ಲಿ ಮರದ ಸ್ಕೇಲನ್ನೂ ಹೆಸರುಗಳ ಹಾಳೆಯನ್ನೂ ಹಿಡಿದು ಅಣ್ಣನ ಪಕ್ಕ ಕೂತಿದ್ದಳು.

ನರ್ಸು ಅಣ್ಣನ ತೋಳಿಗೆ ರಬ್ಬರು ಪಟ್ಟಿ ಬಿಗಿದು, "ಮುಷ್ಟಿ ಬಿಗಿ ಹಿಡೀರಿ ಅಣ್ಣ" ಎಂದಳು.

ಅಣ್ಣ ಪ್ರಯತ್ನಿಸಿದ. ಹಸ್ತ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿತ್ತು, ಬಳ್ಳಿಯಲ್ಲಿ ಬಾಡಿದ ಕಾಯಿಯಂತೆ. ಬೆರಳುಗಳು ಅರ್ಧ ಮಡಚಿ ಅಲ್ಲೇ ಸೋತವು. ಬೆಂಚಿನಲ್ಲಿದ್ದವರೆಲ್ಲ ಅದನ್ನು ನೋಡಿದರು. ಕೆಲವರು ತಮ್ಮ ಕೈಗಳತ್ತ ನೋಡಿಕೊಂಡರು. ಅಂಕಿ ಬರುವ ಮೊದಲೇ ನರ್ಸಿಗೆ ಅಂಕಿ ಗೊತ್ತಾಗಿತ್ತು.

"ಇದು ಯಾವಾಗಿನಿಂದ ಹೀಗಿದೆ?"

ಉತ್ತರ ಕೊಡಬಲ್ಲವರು ಆ ಹಾಲ್‌ನಲ್ಲಿ ಹಲವರಿದ್ದರು.

ಪಟ್ಟಿಯಕ್ಕ ಹಾಳೆಯನ್ನು ಬೆಂಚಿನ ಮೇಲಿಟ್ಟಳು. ಅಣ್ಣನ ಮಣಿಕಟ್ಟಿನ ಕೆಳಗೆ ಸ್ಕೇಲನ್ನು ಉದ್ದಕ್ಕೆ ಇಟ್ಟು, ಅದರ ಮೇಲೆ ಹಸ್ತವನ್ನು ನೆಟ್ಟಗೆ ಎತ್ತಿ, ತನ್ನ ಅಂಗೈಯಿಂದ ಆನಿಸಿ ಹಿಡಿದಳು. ಆಧಾರ ಸಿಕ್ಕ ಬೆರಳುಗಳು ಒಂದೊಂದಾಗಿ, ನಿಧಾನವಾಗಿ ಮಡಚಿಕೊಂಡವು. ಮೊಣಕೈಯ ಒಳಮಗ್ಗುಲಲ್ಲಿ ರಕ್ತನಾಳ ಎದ್ದಿತು.

"ಹಾಗೇ ಹಿಡ್ಕೊಂಡಿರಿ" ಎಂದಳು ನರ್ಸು.

ಅವಳು ಹಿಡಿದುಕೊಂಡಿದ್ದಳು.